ದುಬಾರಿ ಶೂ, ಅಗ್ಗದ ಶೂ: ಒಂದು ಬಳಕೆಗೆ ಎಷ್ಟು ಬಿತ್ತು?

ದುಬಾರಿ ಶೂ ಕೊಂಡವರನ್ನು "ಇಷ್ಟು ಕೊಟ್ಟೆಯಾ?" ಎಂದು ಯಾರಾದರೂ ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಬೆಲೆ ಜಾಸ್ತಿಯಾದರೂ ಬಾಳಿಕೆ ಬರುತ್ತದೆ. ಅಗ್ಗದ ಶೂ ಕೊಂಡವರ ಉತ್ತರವೂ ಅಷ್ಟೇ ಸಿದ್ಧವಾಗಿರುತ್ತದೆ: ಆ ಒಂದರ ದುಡ್ಡಿನಲ್ಲಿ ಐದು ಜೋಡಿ ಬರುತ್ತವೆ. ಈ ಇಬ್ಬರೂ ತಮ್ಮ ತಮ್ಮ ಮಾತನ್ನು ಅಂಕಿಗಳಲ್ಲಿ ಪರೀಕ್ಷಿಸಿರುವುದು ಅಪರೂಪ. ಪರೀಕ್ಷಿಸಲು ಬೇಕಾದ ಅಳತೆಗೋಲು ಕಷ್ಟದ್ದೇನಲ್ಲ. ಶೂಗೆ ಒಟ್ಟು ಎಷ್ಟು ಖರ್ಚಾಯಿತೋ ಅದನ್ನು ಎಷ್ಟು ಸಲ ಹಾಕಿಕೊಂಡೆವೋ ಅದರಿಂದ ಭಾಗಿಸಿದರೆ ಒಂದು ಬಳಕೆಯ ವೆಚ್ಚ ಸಿಗುತ್ತದೆ. ಆದರೆ ಈ ಸರಳ ಭಾಗಾಕಾರವನ್ನು "ಒಂದು ವರ್ಷಕ್ಕೆ" ಎಂಬ ಗಡುವಿನೊಳಗೆ ಮಾಡಿದಾಗ ಬರುವ ಉತ್ತರಕ್ಕೂ ಶೂವಿನ ಇಡೀ ಆಯುಷ್ಯಕ್ಕೆ ಮಾಡಿದಾಗ ಬರುವ ಉತ್ತರಕ್ಕೂ ಅಜಗಜಾಂತರ ಇರುತ್ತದೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ಶೂವಿನ ಕೆಳಭಾಗವನ್ನು ಮೇಲ್ಭಾಗಕ್ಕೆ ಹೇಗೆ ಜೋಡಿಸಿದ್ದಾರೆ ಎಂಬುದನ್ನು ನೋಡಿದರೆ ಮಾತ್ರ ತಿಳಿಯುತ್ತದೆ.

ಮೊದಲು ಭಾಗಾಕಾರದ ಎರಡು ತುದಿಗಳನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ಮೇಲಿರುವ ಸಂಖ್ಯೆ ಅಂಗಡಿಯಲ್ಲಿ ಕೊಟ್ಟ ಬೆಲೆಯಷ್ಟೇ ಅಲ್ಲ. ಪಾಲಿಶ್, ಹಿಮ್ಮಡಿಯ ತುಂಡು ಬದಲಾಯಿಸಿದ ಕೂಲಿ, ಹೊಸ ಸೋಲ್ ಹಾಕಿಸಿದ ಖರ್ಚು ಎಲ್ಲವೂ ಅದರಲ್ಲಿ ಸೇರಬೇಕು. ಹಳೆಯ ಶೂವನ್ನು ಮಾರಿದರೆ ಬಂದ ಹಣವನ್ನು ಅದರಿಂದ ಕಳೆಯಬೇಕು. ಆದರೆ ಬೇರೊಬ್ಬರ ಪಾದದ ಆಕಾರಕ್ಕೆ ಒಗ್ಗಿಹೋದ ಶೂಗೆ ಕೊಡುವವರು ಕಡಿಮೆಯಾದ್ದರಿಂದ ಅದನ್ನು ಸೊನ್ನೆ ಎಂದು ಹಿಡಿಯುವುದೇ ಕ್ಷೇಮ. ಕೆಳಗಿರುವ ಸಂಖ್ಯೆ, ಅಂದರೆ ಬಳಕೆ, ಇನ್ನೂ ಸೂಕ್ಷ್ಮವಾದದ್ದು. ಮನೆಯಿಂದ ಹೊರಟು ಅರ್ಧ ಗಂಟೆಯಲ್ಲಿ ಮರಳಿದ ದಿನವನ್ನೂ, ಬೆಳಗಿನಿಂದ ಸಂಜೆಯವರೆಗೆ ನಿಂತು ನಡೆದು ದುಡಿದ ದಿನವನ್ನೂ ಒಂದೊಂದು ಬಳಕೆ ಎಂದೇ ಎಣಿಸಿದರೆ ಲೆಕ್ಕ ಜೊಳ್ಳಾಗುತ್ತದೆ. ಆದ್ದರಿಂದ ಇಲ್ಲಿ ಬಳಕೆ ಎಂದರೆ ಬೆಳಿಗ್ಗೆ ಹಾಕಿ ಸಂಜೆ ಬಿಚ್ಚುವ ಒಂದು ಪೂರ್ತಿ ಕೆಲಸದ ದಿನ ಎಂದು ಇಟ್ಟುಕೊಳ್ಳುತ್ತೇನೆ. ಓಟದ ಶೂಗಳಿಗೆ ಈ ಅಳತೆಯೂ ಸಾಲದು. ಅವುಗಳಿಗೆ ಕಿಲೋಮೀಟರೇ ಸರಿಯಾದ ಮಾನ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ದಿನನಿತ್ಯ ಕೆಲಸಕ್ಕೆ ಹಾಕುವ ಚರ್ಮದ ಶೂಗಳನ್ನೇ ತೆಗೆದುಕೊಳ್ಳೋಣ. ಅಗ್ಗದ ಜೋಡಿಯ ಬೆಲೆ 100, ದುಬಾರಿ ಜೋಡಿಯ ಬೆಲೆ 500 ಎಂದಿರಲಿ. ಇದು ಯಾವ ನಾಣ್ಯವಾದರೂ ಆಗಬಹುದು, ನಮಗೆ ಬೇಕಾದದ್ದು ಇವೆರಡರ ನಡುವಿನ ಅನುಪಾತ ಮಾತ್ರ. ವರ್ಷಕ್ಕೆ 250 ದಿನ ಶೂ ಹಾಕುವ ವ್ಯಕ್ತಿಯೊಬ್ಬರು ಇದ್ದಾರೆ. ಅಗ್ಗದ ಜೋಡಿ 110 ಬಳಕೆಗೆ ಕೈಕೊಡುತ್ತದೆ ಎಂದುಕೊಳ್ಳೋಣ. ಅದಕ್ಕೆ ಯಾರೂ ಹೆಚ್ಚಿನ ಆರೈಕೆ ಮಾಡುವುದಿಲ್ಲವಾದ್ದರಿಂದ ನಿರ್ವಹಣೆಯ ಖರ್ಚನ್ನು ಬಿಟ್ಟುಬಿಡಬಹುದು. ಮೊದಲ ಜೋಡಿ 110ನೇ ದಿನ ಮುಗಿಯಿತು, ಎರಡನೆಯದು 220ನೇ ದಿನ ಮುಗಿಯಿತು, ಉಳಿದ 30 ದಿನಕ್ಕೆ ಮೂರನೆಯದನ್ನು ಕೊಳ್ಳಬೇಕಾಯಿತು. ಹಾಗಾಗಿ ವರ್ಷದಲ್ಲಿ ಕೈಯಿಂದ ಹೋದದ್ದು 300, ಒಂದು ಬಳಕೆಗೆ 1.20.

ಇಲ್ಲಿ ಒಂದು ತೊಡಕಿದೆ. ವರ್ಷ ಮುಗಿದಾಗ ಮೂರನೆಯ ಜೋಡಿಯಲ್ಲಿ ಇನ್ನೂ 80 ಬಳಕೆ ಉಳಿದಿದೆ. ಶೂವನ್ನು ಅರ್ಧ, ಕಾಲು ಎಂದು ಕೊಳ್ಳಲಾಗದ ಕಾರಣ ನಗದಿನ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ; ನಿಜವಾದ ಸವಕಳಿ ಮಾತ್ರ ಇಳಿಜಾರಿನಂತೆ ಸಮವಾಗಿ ಸಾಗುತ್ತದೆ. ಅದನ್ನು ಲೆಕ್ಕ ಹಾಕಬೇಕಾದರೆ 100ನ್ನು 110ರಿಂದ ಭಾಗಿಸಬೇಕು. ಆಗ ಒಂದು ಬಳಕೆಗೆ ಸುಮಾರು 0.91 ಬರುತ್ತದೆ. ಮುಂದೆ ಹೋಲಿಸುವಾಗ ನಾನು ಈ 0.91ನ್ನೇ ಬಳಸುತ್ತೇನೆ, ಏಕೆಂದರೆ ಡಿಸೆಂಬರ್ 31ರಂದು ಶೂ ತಾನಾಗಿ ಕಿತ್ತುಹೋಗುವುದಿಲ್ಲ.

ದುಬಾರಿ ಜೋಡಿಗೆ ಬರೋಣ. ಮೊದಲ ವರ್ಷದಲ್ಲಿ 500 ಬೆಲೆ, ಪಾಲಿಶ್ ಮತ್ತು ಕ್ರೀಮಿಗೆ 25, ಸುಮಾರು 200ನೇ ಬಳಕೆಯ ಹೊತ್ತಿಗೆ ಹಿಮ್ಮಡಿಯ ತಳದ ರಬ್ಬರ್ ತುಂಡು ಬದಲಾಯಿಸಲು 20, ಒಟ್ಟು 545. ಇದನ್ನು 250ರಿಂದ ಭಾಗಿಸಿದರೆ 2.18. ಅಗ್ಗದ ಜೋಡಿಯ ವೆಚ್ಚದ ಎರಡು ಪಟ್ಟಿಗಿಂತಲೂ ಹೆಚ್ಚು. ನಗದಿನ ದೃಷ್ಟಿಯಿಂದಲೂ 300ರ ಎದುರು 545. ಅಂದರೆ ವರ್ಷದ ಗಡುವಿನೊಳಗೆ ನೋಡಿದರೆ ದುಬಾರಿ ಶೂ ಸೋತಿದೆ, ಅದೂ ಸಣ್ಣ ಅಂತರದಲ್ಲಲ್ಲ. ಅದು ಒಂದೇ ವರ್ಷದಲ್ಲಿ ಗೆಲ್ಲಬೇಕಾದರೆ ಅಗ್ಗದ ಶೂ ಎಷ್ಟು ಕೆಟ್ಟದ್ದಾಗಿರಬೇಕು ಎಂದು ಹಿಂದುಮುಂದಾಗಿ ಲೆಕ್ಕ ಹಾಕಿದರೆ ಉತ್ತರ ಇನ್ನೂ ಸ್ಪಷ್ಟವಾಗುತ್ತದೆ. 545ನ್ನು ಮೀರಲು ವರ್ಷಕ್ಕೆ ಆರು ಜೋಡಿ ಅಗ್ಗದ ಶೂ ಕೊಳ್ಳಬೇಕು, ಅಂದರೆ ಪ್ರತಿ ಜೋಡಿಯೂ 50 ಬಳಕೆಯೊಳಗೆ, ಹೆಚ್ಚುಕಡಿಮೆ ಎರಡು ತಿಂಗಳಿಗೊಂದರಂತೆ ಹಾಳಾಗಬೇಕು. ಅಂಥ ಶೂಗಳೂ ಇವೆ ಎಂಬುದನ್ನು ಅಲ್ಲಗಳೆಯುವುದಿಲ್ಲ, ಆದರೆ ಎಲ್ಲವೂ ಅಂಥವೇ ಅಲ್ಲ.

ಹಾಗಾದರೆ ಬಾಳಿಕೆಯ ಮಾತು ಬರೀ ಸಮಾಧಾನಕ್ಕೆ ಹೇಳಿಕೊಳ್ಳುವುದೇ? ಅಲ್ಲ. ಮೊದಲ ವರ್ಷದ ಲೆಕ್ಕದಲ್ಲಿ ದುಬಾರಿ ಶೂವಿನ ನಿಜವಾದ ಬಲ ಇನ್ನೂ ಅಖಾಡಕ್ಕೆ ಇಳಿದೇ ಇಲ್ಲ. ಆ ಬಲ ಇರುವುದು ಮೊದಲ ಸೋಲ್‌ನಲ್ಲಿ ಅಲ್ಲ, ಎರಡನೆಯ ಸೋಲ್‌ನಲ್ಲಿ.

ಇದು ಅರ್ಥವಾಗಬೇಕಾದರೆ ಶೂವಿನ ರಚನೆಯನ್ನು ಸ್ವಲ್ಪ ನೋಡಬೇಕು. ಅಗ್ಗದ ಶೂಗಳಲ್ಲಿ ಹೆಚ್ಚಿನವು ಅಂಟಿಸಿದವು. ಮೇಲಿನ ಚರ್ಮದ ಅಂಚನ್ನು ಒಳಗಿನ ಅಟ್ಟೆಯ ಕೆಳಗೆ ಮಡಿಸಿ, ಹೊರಗಿನ ಸೋಲನ್ನು ಅಂಟಿನಿಂದ ಕೂರಿಸಿ ಒತ್ತಿರುತ್ತಾರೆ. ಹೆಜ್ಜೆ ಹಾಕಿದಾಗಲೆಲ್ಲ ಶೂ ಬಾಗುವುದು ಬೆರಳುಗಳ ಬುಡದಲ್ಲಿ. ಆ ಬಾಗುವಿಕೆಯ ಎಳೆತವೆಲ್ಲ ಅಂಟಿನ ತೆಳುವಾದ ಪದರದ ಮೇಲೆ ಬೀಳುತ್ತದೆ. ಮಳೆನೀರು ಮತ್ತು ಬೆವರಿನ ತೇವ ಸೇರಿಕೊಂಡರೆ ಅಂಟು ಇನ್ನಷ್ಟು ಬೇಗ ಸೋಲುತ್ತದೆ. ಬಿಟ್ಟುಕೊಂಡ ಸೋಲನ್ನು ಮತ್ತೆ ಅಂಟಿಸಬಹುದು, ಆದರೆ ಪೂರ್ತಿ ಸವೆದ ಸೋಲನ್ನು ಕಿತ್ತು ಹೊಸದನ್ನು ಹಾಕುವುದು ಅಂಥ ಶೂಗಳಲ್ಲಿ ಸಾಮಾನ್ಯವಾಗಿ ಕೂಲಿಗೂ ಗಿಟ್ಟುವುದಿಲ್ಲ. ಸೋಲ್ ಹೋದರೆ ಶೂ ಹೋಯಿತು ಎಂದೇ ಅರ್ಥ.

ಹೊಲಿದ ಶೂಗಳಲ್ಲಿ ಎರಡು ಬಗೆಗಳು ಹೆಚ್ಚು ಪ್ರಸಿದ್ಧ. ಬ್ಲೇಕ್ ಹೊಲಿಗೆಯಲ್ಲಿ ಒಂದೇ ಹೊಲಿಗೆ ಒಳ ಅಟ್ಟೆ, ಮೇಲಿನ ಚರ್ಮ, ಹೊರ ಸೋಲ್ ಮೂರನ್ನೂ ನೇರವಾಗಿ ಹಾದುಹೋಗುತ್ತದೆ. ಲೈಮನ್ ಬ್ಲೇಕ್ ಅದರ ಯಂತ್ರಕ್ಕೆ 1858ರಲ್ಲಿ ಪೇಟೆಂಟ್ ಪಡೆದರು. ಇನ್ನೊಂದು ಗುಡ್‌ಇಯರ್ ವೆಲ್ಟ್. ಟೈರಿನ ಹೆಸರು ನೆನಪಾಗುವುದು ಸಹಜ, ಆದರೆ ಇಲ್ಲಿರುವುದು ರಬ್ಬರಿನ ವಲ್ಕನೀಕರಣಕ್ಕೆ ಹೆಸರಾದ ಚಾರ್ಲ್ಸ್ ಗುಡ್‌ಇಯರ್ ಅವರ ಮಗನ ಹೆಸರು. ಇದರಲ್ಲಿ ಮೇಲಿನ ಚರ್ಮ ಮತ್ತು ಒಳ ಅಟ್ಟೆಗೆ ವೆಲ್ಟ್ ಎಂಬ ಕಿರಿದಾದ ಪಟ್ಟಿಯೊಂದನ್ನು ಶೂವಿನ ಸುತ್ತ ಹೊಲಿಯುತ್ತಾರೆ. ಆಮೇಲೆ ಹೊರ ಸೋಲನ್ನು ಬೇರೆಯೇ ಹೊಲಿಗೆಯಿಂದ ಆ ಪಟ್ಟಿಗೆ ಹೊಲಿಯುತ್ತಾರೆ. ಸೋಲ್ ಸವೆದಾಗ ಎರಡನೆಯ ಹೊಲಿಗೆಯನ್ನು ಮಾತ್ರ ಬಿಚ್ಚಿದರೆ ಸಾಕು, ಮೇಲಿನ ಚರ್ಮಕ್ಕೆ ಹೊಸದಾಗಿ ಒಂದು ತೂತೂ ಬೀಳುವುದಿಲ್ಲ. ಅದೇ ವೆಲ್ಟ್‌ಗೆ ಹೊಸ ಸೋಲ್ ಹೊಲಿಯಬಹುದು. ದುಬಾರಿ ಶೂಗೆ ಕೊಟ್ಟ ಹೆಚ್ಚುವರಿ ಹಣದಲ್ಲಿ ನಿಜವಾಗಿ ಬಾಳಿಕೆಗೆ ಹೋದ ಪಾಲು ಈ ಪಟ್ಟಿಗೂ ಅದಕ್ಕೆ ತಕ್ಕ ಒಳ್ಳೆಯ ಚರ್ಮಕ್ಕೂ ಹೋಗಿದೆ. ಉಳಿದದ್ದು ಅಂದಕ್ಕೆ, ಹೆಸರಿಗೆ, ಅಂಗಡಿಯ ದೀಪಗಳಿಗೆ.

ನಮ್ಮ ಉದಾಹರಣೆಯನ್ನು ಮುಂದುವರಿಸೋಣ. ದುಬಾರಿ ಜೋಡಿಯ ಒಂದು ಸೋಲ್ 400 ಬಳಕೆ ಬರುತ್ತದೆ, ಹೊಸ ಸೋಲ್ ಹಾಕಿಸಲು ಹಿಮ್ಮಡಿಯೂ ಸೇರಿ 120 ಆಗುತ್ತದೆ, ಮೇಲಿನ ಚರ್ಮ 1000 ಬಳಕೆಗೆ ಕೈಚೆಲ್ಲುತ್ತದೆ ಎಂದು ಇಟ್ಟುಕೊಳ್ಳೋಣ. ಪಾಲಿಶ್ ಖರ್ಚು ಒಂದು ಬಳಕೆಗೆ 0.10ರಂತೆ ಮುಂದುವರಿಯುತ್ತದೆ. ಮೊದಲ ಸೋಲ್ ಸವೆಯುವ ವೇಳೆಗೆ, ಅಂದರೆ 400ನೇ ಬಳಕೆಗೆ, ಒಟ್ಟು ಖರ್ಚು 500, 20 ಮತ್ತು 40 ಸೇರಿ 560. ಒಂದು ಬಳಕೆಗೆ 1.40. ಇಲ್ಲಿಯೂ ದುಬಾರಿ ಶೂ ಅಗ್ಗದ್ದಕ್ಕಿಂತ ಹಿಂದೆಯೇ ಇದೆ. ಆದರೆ ಈಗ ಹೊಸ ಸೋಲ್ ಹಾಕಿಸಿದರೆ ಮುಂದಿನ 400 ಬಳಕೆಗೆ ತಗಲುವುದು ಸೋಲ್‌ಗೆ 120, ನಡುವೆ ಒಮ್ಮೆ ಹಿಮ್ಮಡಿಗೆ 20, ಪಾಲಿಶ್‌ಗೆ 40, ಹೀಗೆ 180 ಮಾತ್ರ. ಈ ಎರಡನೆಯ ಹಂತದ ಒಂದೊಂದು ಬಳಕೆಗೂ ಬೀಳುವುದು 0.45, ಅಂದರೆ ಅಗ್ಗದ ಜೋಡಿಯ 0.91ರ ಅರ್ಧದಷ್ಟು.

ಜನ ತಪ್ಪು ಮಾಡುವುದು ಸರಿಯಾಗಿ ಈ ತಿರುವಿನಲ್ಲೇ. ರಿಪೇರಿಯವರು 120 ಎಂದಾಗ "ಅಷ್ಟು ದುಡ್ಡಿಗೆ ಹೊಸ ಜೋಡಿಯೇ ಬರುತ್ತದಲ್ಲ" ಎಂಬ ಯೋಚನೆ ಬರದವರು ಕಡಿಮೆ. ಮಾತು ನಿಜ, 100ಕ್ಕೇ ಹೊಸ ಜೋಡಿ ಬರುತ್ತದೆ. ಆದರೆ ಆ 100 ಕೊಂಡುಕೊಡುವುದು 110 ಬಳಕೆಯನ್ನು, ಈ 120 ಕೊಂಡುಕೊಡುವುದು 400 ಬಳಕೆಯನ್ನು. ದುಬಾರಿ ಶೂ ಕೊಂಡು ಮೊದಲ ಸೋಲ್ ಸವೆದ ಕೂಡಲೇ ಮೂಲೆಗೆ ಎಸೆಯುವವರು ಒಂದು ಬಳಕೆಗೆ 1.40 ತೆತ್ತು, 0.45ರ ಬಳಕೆಗಳನ್ನು ಬಿಟ್ಟು ನಡೆದಂತಾಯಿತು. ಶೂ ಕೊಂಡಾಗ ಕೊಟ್ಟ 500 ಹೇಗೂ ಹೋಯಿತು, ಅದು ಇನ್ನು ಬರುವುದಿಲ್ಲ; ಈ ಹೊತ್ತಿನಲ್ಲಿ ಹೋಲಿಸಬೇಕಾದದ್ದು ಮುಂದಿನ ಖರ್ಚನ್ನೂ ಮುಂದಿನ ಬಳಕೆಯನ್ನೂ ಮಾತ್ರ.

ಎರಡನೆಯ ಸೋಲ್ 800ನೇ ಬಳಕೆಗೆ ಮುಗಿದಾಗ ಒಟ್ಟು ಖರ್ಚು 740 ಆಗಿರುತ್ತದೆ, ಸರಾಸರಿ 0.925. ಅಗ್ಗದ ಜೋಡಿಯ 0.91ರ ಹತ್ತಿರಕ್ಕೆ ಬಂದಿದೆ, ಇನ್ನೂ ದಾಟಿಲ್ಲ. ಮೂರನೆಯ ಸೋಲ್‌ಗೆ ಇನ್ನೊಂದು 120 ಕೊಟ್ಟ ಕ್ಷಣ ಸರಾಸರಿ ಮತ್ತೆ ಮೇಲೇರಿ, ಆಮೇಲೆ ನಿಧಾನವಾಗಿ ಇಳಿಯುತ್ತ, ಸುಮಾರು 965ನೇ ಬಳಕೆಯಲ್ಲಿ ಅಗ್ಗದ್ದಕ್ಕಿಂತ ಕೆಳಕ್ಕೆ ಹೋಗುತ್ತದೆ. ಚರ್ಮ ಮುಗಿಯುವ 1000ನೇ ಬಳಕೆಯಲ್ಲಿ ಒಟ್ಟು 880, ಒಂದು ಬಳಕೆಗೆ 0.88. ವರ್ಷಕ್ಕೆ 250ರಂತೆ ನಾಲ್ಕನೆಯ ವರ್ಷ ಮುಗಿಯುತ್ತ ಬಂದಾಗ ದುಬಾರಿ ಶೂ ಗೆದ್ದಿತು, ಅದೂ ಕೂದಲೆಳೆಯ ಅಂತರದಲ್ಲಿ. ಐದು ಪಟ್ಟು ಬೆಲೆ ಕೊಟ್ಟವರಿಗೆ ಇದು ಅಷ್ಟೇನೂ ಸಂತೋಷದ ಸುದ್ದಿಯಲ್ಲ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಗುವ ಸಂಖ್ಯೆ ದುಬಾರಿ ಶೂವಿನದ್ದಲ್ಲ, ಅಗ್ಗದ ಶೂವಿನದ್ದು. ಅದರ ಬಾಳಿಕೆ 110ರ ಬದಲು 80 ಬಳಕೆ ಎಂದು ಬದಲಾಯಿಸಿ ನೋಡಿ. ಆಗ ಅದರ ವೆಚ್ಚ ಒಂದು ಬಳಕೆಗೆ 1.25 ಆಗುತ್ತದೆ, ದುಬಾರಿ ಶೂ ಸುಮಾರು 557ನೇ ಬಳಕೆಯಲ್ಲೇ, ಎರಡೂಕಾಲು ವರ್ಷದೊಳಗೆ ಅದನ್ನು ದಾಟುತ್ತದೆ. ಕೇವಲ 30 ಬಳಕೆಯ ವ್ಯತ್ಯಾಸ ಗೆಲುವಿನ ದಿನವನ್ನು ಒಂದೂವರೆ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಎಳೆದು ತಂದಿತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ತಿಳಿದಿರಬೇಕಾದ ಸಂಗತಿ ಒಂದೇ: ನಿಮ್ಮ ಈಗಿನ ಅಗ್ಗದ ಶೂ ನಿಮ್ಮ ಕಾಲಿನಲ್ಲಿ ಎಷ್ಟು ದಿನ ಬಂತು?

ನನಗೆ ಇದು ಗೊತ್ತಿದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಕೇಳಿದ್ದರೆ "ಆರೇಳು ತಿಂಗಳು" ಎನ್ನುತ್ತಿದ್ದೆ. ಒಮ್ಮೆ ಹೊಸ ಜೋಡಿ ತಂದ ದಿನವೇ ಅದರ ನಾಲಗೆಯ ಒಳಬದಿಯಲ್ಲಿ ಬಾಲ್‌ಪೆನ್ನಿನಿಂದ ತಾರೀಖು ಬರೆದು, ಹಾಕಿದ ದಿನಗಳಿಗೆ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುತ್ತ ಬಂದೆ. ಬಲಗಾಲಿನ ಶೂವಿನ ತುದಿಯಲ್ಲಿ ಸೋಲ್ ಬಾಯಿ ಬಿಟ್ಟದ್ದು 97ನೇ ಚುಕ್ಕೆಯಂದು. ಆರೇಳು ತಿಂಗಳೇನೋ ಹೌದು, ಆದರೆ ಆ ನಡುವೆ ಮನೆಯಲ್ಲೇ ಕುಳಿತ ದಿನಗಳು, ಚಪ್ಪಲಿಯಲ್ಲಿ ಹೋದ ದಿನಗಳು ನನ್ನ ನೆನಪಿನ ಲೆಕ್ಕದಲ್ಲಿ ಶೂ ಹಾಕಿದ ದಿನಗಳಾಗಿ ಸೇರಿಹೋಗಿದ್ದವು. ತಿಂಗಳಿನಲ್ಲಿ ಎಣಿಸುವವರೆಲ್ಲ ಹೀಗೆ ತಮ್ಮ ಅಗ್ಗದ ಶೂಗೆ ಇಲ್ಲದ ಆಯುಷ್ಯ ಕೊಡುತ್ತಾರೆ ಎಂದು ನನ್ನ ಅನುಮಾನ.

ಶೂ ಯಾವಾಗ ಸತ್ತಿತು ಎಂದು ತೀರ್ಮಾನಿಸುವುದೂ ಲೆಕ್ಕದ ಭಾಗವೇ. ಕೆಲವು ದೋಷಗಳು ರಿಪೇರಿಗೆ ಬಗ್ಗುತ್ತವೆ, ಕೆಲವು ಬಗ್ಗುವುದಿಲ್ಲ. ಹಿಮ್ಮಡಿಯ ಹೊರ ಅಂಚು ಓರೆಯಾಗಿ ಸವೆಯುವುದು ಎಲ್ಲರಿಗೂ ಆಗುವಂಥದ್ದು; ತಳದ ರಬ್ಬರ್ ತುಂಡು ಮುಗಿದು ಅದರ ಮೇಲಿನ ಪದರ ನೆಲಕ್ಕೆ ತಾಗುವ ಮೊದಲೇ ಬದಲಾಯಿಸಿದರೆ 20ರಲ್ಲಿ ಮುಗಿಯುತ್ತದೆ, ತಡಮಾಡಿದರೆ ಇಡೀ ಹಿಮ್ಮಡಿಯನ್ನೇ ಕಟ್ಟಬೇಕಾಗುತ್ತದೆ. ಪಾದದ ಮುಂಭಾಗದ ಕೆಳಗೆ ಹೆಬ್ಬೆರಳಿನಿಂದ ಒತ್ತಿದಾಗ ಸೋಲ್ ಮೆತ್ತಗೆ ಒಳಹೋದರೆ ಅಲ್ಲಿ ತೂತು ಬೀಳುವ ಕಾಲ ಹತ್ತಿರವಾಗಿದೆ. ಹೊಲಿದ ಶೂಗೆ ಹೊಸ ಸೋಲ್ ಹಾಕಿಸಲು ಅದೇ ತಕ್ಕ ಸಮಯ. ತೂತು ಬಿದ್ದು ನೀರು ಒಳನುಗ್ಗಿ ಒಳ ಅಟ್ಟೆ ಕೊಳೆಯುವ ತನಕ ಕಾದರೆ ವೆಲ್ಟ್ ಇದ್ದೂ ಪ್ರಯೋಜನವಿಲ್ಲ. ಬೆರಳುಗಳು ಬಾಗುವ ಜಾಗದಲ್ಲಿ ಮೇಲಿನ ಚರ್ಮ ಆಳವಾಗಿ ಬಿರುಕುಬಿಟ್ಟರೆ ಮಾತ್ರ ಆಟ ಮುಗಿದಂತೆ, ಆ ಬಿರುಕಿಗೆ ಒಳ್ಳೆಯ ಮದ್ದಿಲ್ಲ. ನಮ್ಮ ಉದಾಹರಣೆಯ 1000 ಎಂಬ ಸಂಖ್ಯೆ ಈ ಬಿರುಕು ಯಾವಾಗ ಬರುತ್ತದೆ ಎಂಬುದರ ಅಂದಾಜೇ ಹೊರತು ಬೇರೇನಲ್ಲ. ಅದು 1000ಕ್ಕೆ ಬದಲು 600ರಲ್ಲೇ ಬಂದರೆ ದುಬಾರಿ ಶೂ 110 ಬಳಕೆಯ ಅಗ್ಗದ ಶೂವನ್ನು ಎಂದೂ ದಾಟುವುದಿಲ್ಲ.

ಚರ್ಮ ಬೇಗ ಬಿರಿಯುವುದಕ್ಕೆ ದೊಡ್ಡ ಕಾರಣ ತೇವ. ಇಡೀ ದಿನ ಹಾಕಿದ ಶೂ ಒಳಗಿನಿಂದ ಬೆವರಿನಲ್ಲಿ ನೆಂದಿರುತ್ತದೆ, ಒಂದು ರಾತ್ರಿಯಲ್ಲಿ ಅದು ಪೂರ್ತಿ ಒಣಗುವುದಿಲ್ಲ. ಮರುದಿನ ಅದನ್ನೇ ಹಾಕಿದರೆ ಒದ್ದೆ ಚರ್ಮ ಬಾಗುತ್ತದೆ, ಒಳಗಿನ ಲೈನಿಂಗ್ ಹಿಮ್ಮಡಿಯ ಬಳಿ ಉಜ್ಜಿ ಹರಿಯುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಹಾಕಿ, ಬಿಚ್ಚಿದ ಕೂಡಲೇ ಒಳಗೆ ದೇವದಾರು ಮರದ ಅಚ್ಚು ಇಟ್ಟರೆ ತೇವ ಹೀರಿ ಆಕಾರವೂ ಉಳಿಯುತ್ತದೆ. ಒಣಗಿಸುವ ಆತುರದಲ್ಲಿ ಒಲೆಯ ಪಕ್ಕವೋ ಸುಡುಬಿಸಿಲಿನಲ್ಲೋ ಇಡುವುದು ತೇವಕ್ಕಿಂತಲೂ ಕೆಟ್ಟದ್ದು.

ಹೀಗೆ ಎರಡು ಜೋಡಿಗಳನ್ನು ಸರದಿಯಲ್ಲಿ ಹಾಕಬೇಕು ಎಂಬ ಸಲಹೆಯನ್ನು ದುಬಾರಿ ಶೂ ಕೊಳ್ಳುವವರಿಗಷ್ಟೇ ಕೊಡುವುದು ರೂಢಿ, ಆದರೆ ಲೆಕ್ಕದ ಪ್ರಕಾರ ಅದರ ಲಾಭ ಹೆಚ್ಚು ಸಿಗುವುದು ಅಗ್ಗದ ಶೂ ಕೊಳ್ಳುವವರಿಗೆ. ದುಬಾರಿಯವರು ಎರಡನೆಯ ಜೋಡಿಗೆ ಇನ್ನೊಂದು 500 ತೆಗೆಯಬೇಕು. ಮೊದಲ ವರ್ಷದ ಖರ್ಚು ಸಾವಿರ ದಾಟುತ್ತದೆ. ಅಗ್ಗದ ಶೂ ಕೊಳ್ಳುವವರು ಹೇಗೂ ವರ್ಷಕ್ಕೆ ಎರಡು ಮೂರು ಜೋಡಿ ಕೊಳ್ಳುವವರೇ. ಒಂದು ಹರಿದ ಮೇಲೆ ಇನ್ನೊಂದು ಎನ್ನುವ ಬದಲು ಎರಡನ್ನೂ ಒಟ್ಟಿಗೆ ಕೊಂಡು ಸರದಿಯಲ್ಲಿ ಹಾಕಿದರೆ ಒಟ್ಟು ಖರ್ಚು ಒಂದು ಬಿಡಿಗಾಸೂ ಹೆಚ್ಚುವುದಿಲ್ಲ, ಎರಡನೆಯ ಜೋಡಿಯ ಹಣ ಸ್ವಲ್ಪ ಮೊದಲೇ ಹೋಗುತ್ತದೆ ಅಷ್ಟೇ. ಅಂಟಿಗೂ ಚರ್ಮಕ್ಕೂ ಒಣಗಲು ಬಿಡುವು ಸಿಕ್ಕು ಪ್ರತಿ ಜೋಡಿ 110ರ ಬದಲು 125 ಬಳಕೆ ಬಂದರೂ ಸಾಕು, ಎರಡೇ ಜೋಡಿಯಲ್ಲಿ ಇಡೀ ವರ್ಷ ಕಳೆಯುತ್ತದೆ. ಮೂರನೆಯ ಜೋಡಿ ಬೇಕಾಗುವುದಿಲ್ಲ, ನಗದಿನ ಲೆಕ್ಕ 300ರಿಂದ 200ಕ್ಕೆ ಇಳಿಯುತ್ತದೆ.

ಇಷ್ಟು ಹೊತ್ತು ಎರಡು ತುದಿಗಳ ಬಗ್ಗೆಯೇ ಮಾತಾಡಿದೆವು. ನಡುವೆ ಇರುವುದನ್ನು ಮರೆಯಬಾರದು. ಬೆಲೆ 220, ಅಂಟಿಸಿದ್ದೇ ಆದರೂ ಗಟ್ಟಿ ರಬ್ಬರ್ ಸೋಲ್, ಮೇಲೆ ಲೇಪನವಿಲ್ಲದ ಒಳ್ಳೆಯ ಚರ್ಮ, ಬಾಳಿಕೆ 300 ಬಳಕೆ, ಪಾಲಿಶ್ ಖರ್ಚು 30: ಇಂಥ ಜೋಡಿಯ ವೆಚ್ಚ ಒಂದು ಬಳಕೆಗೆ ಸುಮಾರು 0.83. ಮೂರರಲ್ಲೂ ಇದೇ ಕಡಿಮೆ. ವರ್ಷದ ನಗದಿನ ಲೆಕ್ಕದಲ್ಲೂ ಇದಕ್ಕೆ ಹೋಗುವುದು 245, ಒಂದಾದ ಮೇಲೊಂದು ಹಾಕಿದ ಅಗ್ಗದ ಮೂರು ಜೋಡಿಗಳ 300ಕ್ಕಿಂತ ಕಡಿಮೆ. ಬೆಲೆ ಏರುತ್ತ ಹೋದಂತೆ ಬಾಳಿಕೆಯೂ ಅದೇ ಅನುಪಾತದಲ್ಲಿ ಏರುವುದಿಲ್ಲ. ಮೊದಮೊದಲು ಕೊಡುವ ಹೆಚ್ಚುವರಿ ಹಣ ವಸ್ತುವಿನ ಗುಣಕ್ಕೆ ಹೋಗುತ್ತದೆ, ಆಮೇಲಿನದ್ದು ಮೆಲ್ಲಮೆಲ್ಲನೆ ಅಂದಚಂದಕ್ಕೆ ಹೋಗುತ್ತದೆ. ಒಂದು ವರ್ಷವೇ ನಿಮ್ಮ ಗಡುವಾದರೆ ಗೆಲ್ಲುವ ಸಾಧ್ಯತೆ ಹೆಚ್ಚಿರುವುದು ಈ ನಡುವಿನ ಜೋಡಿಗೆ ಎಂದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ನಿಂತು ಇವನ್ನೆಲ್ಲ ಗುರುತಿಸುವುದು ಹೇಗೆ? ಬೆಲೆಯ ಚೀಟಿ ಇದನ್ನು ಹೇಳುವುದಿಲ್ಲ. ಶೂವಿನ ಅಂಚಿನಲ್ಲಿ ಹೊಲಿಗೆ ಕಂಡ ಮಾತ್ರಕ್ಕೆ ಅದು ಹೊಲಿದ ಶೂ ಎಂದು ನಂಬಬಾರದು. ಅಂಟಿಸಿದ ಸೋಲಿನ ಅಂಚಿಗೆ ಅಂದಕ್ಕೆಂದು ಹುಸಿ ಹೊಲಿಗೆ ಹಾಕಿರುವುದು ಅಥವಾ ರಬ್ಬರಿನಲ್ಲೇ ಹೊಲಿಗೆಯ ಅಚ್ಚು ಒತ್ತಿರುವುದು ಸಾಮಾನ್ಯ. ಶೂವನ್ನು ಮಗುಚಿ ನೋಡಿದಾಗ ಸೋಲಿನ ತಳದಲ್ಲೂ ಅಂಚಿನುದ್ದಕ್ಕೆ ಅದೇ ಹೊಲಿಗೆ ಕಂಡರೆ ಭರವಸೆ ಹೆಚ್ಚು. ಕೆಲವು ಒಳ್ಳೆಯ ಶೂಗಳಲ್ಲಿ ಆ ಹೊಲಿಗೆಯನ್ನು ಸೀಳಿನೊಳಗೆ ಮುಚ್ಚಿರುತ್ತಾರಾದ್ದರಿಂದ ಕಾಣದಿದ್ದರೆ ಸುಳ್ಳೆಂದು ಅರ್ಥವಲ್ಲ. ಆಗ ಇದಕ್ಕೆ ಹೊಸ ಸೋಲ್ ಹಾಕಲು ಬರುತ್ತದೆಯೇ ಎಂದು ನೇರವಾಗಿ ಕೇಳಬೇಕು, ಸಾಧ್ಯವಾದರೆ ಮಾರುವವರನ್ನಲ್ಲ, ರಿಪೇರಿ ಮಾಡುವವರನ್ನು. ಚರ್ಮವನ್ನು ಪರೀಕ್ಷಿಸಲು ಬೆರಳಿನಿಂದ ಮೆಲ್ಲನೆ ಒತ್ತಿ ಬಾಗಿಸಿ. ಒಳ್ಳೆಯ ಚರ್ಮದಲ್ಲಿ ಅಂಗೈಯ ಗೆರೆಗಳಂಥ ನವಿರಾದ ಸುಕ್ಕುಗಳು ಮೂಡಿ ಮಾಯವಾಗುತ್ತವೆ. ಮೇಲೆ ದಪ್ಪ ಪ್ಲಾಸ್ಟಿಕ್ ಲೇಪನವಿದ್ದರೆ ಒಂದೇ ಒರಟು ಮಡಿಕೆ ಬೀಳುತ್ತದೆ, ಮುಂದೆ ಲೇಪನ ಸುಲಿಯಲು ಶುರುವಾಗುವುದೂ ಅದೇ ಮಡಿಕೆಯಲ್ಲಿ. ವೆಲ್ಟ್ ಇರುವ ಶೂಗೆ ಇಂಥ ಚರ್ಮ ಹಾಕಿದ್ದರೆ ಅದು ವ್ಯರ್ಥ, ಎರಡನೆಯ ಸೋಲ್ ಬರುವ ಮೊದಲೇ ಮೇಲ್ಭಾಗ ಹೋಗಿರುತ್ತದೆ.

ಈ ಲೆಕ್ಕ ನಡೆಯದ ಜಾಗಗಳೂ ಇವೆ. ವರ್ಷಕ್ಕೆ ಆರು ಸಲ ಸಮಾರಂಭಕ್ಕೆ ಹಾಕುವ ಶೂ 1000 ಬಳಕೆ ಬರುತ್ತದೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ, ಅಷ್ಟು ಬಳಸಲು ಒಂದೂವರೆ ಶತಮಾನಕ್ಕೂ ಹೆಚ್ಚು ಬೇಕು. ಅಷ್ಟೇ ಅಲ್ಲ, ಬಳಸದೆ ಇಟ್ಟರೆ ಶೂ ಉಳಿಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಪಾಲಿಯುರಿಥೇನ್ ಸೋಲ್‌ಗಳು ಗಾಳಿಯ ತೇವಾಂಶದೊಡನೆ ನಿಧಾನವಾಗಿ ಪ್ರತಿಕ್ರಿಯಿಸಿ, ಪೆಟ್ಟಿಗೆಯಲ್ಲಿ ಕೆಲವು ವರ್ಷ ಇಟ್ಟರೂ ಒಳಗೊಳಗೇ ಶಿಥಿಲವಾಗುತ್ತವೆ. ಹೊಸದರಂತೆ ಕಾಣುವ ಶೂವನ್ನು ಹಾಕಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಸೋಲ್ ಬ್ರೆಡ್ಡಿನಂತೆ ಪುಡಿಯಾಗಿ ಉದುರುತ್ತದೆ. ಅಂಥ ಶೂಗೆ ಖರ್ಚನ್ನು ಬಳಕೆಯಿಂದಲ್ಲ, ವರ್ಷಗಳಿಂದ ಭಾಗಿಸಬೇಕು. ಓಟದ ಶೂಗಳ ಕಥೆ ಬೇರೆ: ಅವುಗಳ ಮಧ್ಯದ ಫೋಮ್ ಪದರ ಒತ್ತಿಹೋಗಿ ಮೆತ್ತನೆ ಕಳೆದುಕೊಳ್ಳುತ್ತದೆ, ಆದ್ದರಿಂದ ಸುಮಾರು 500ರಿಂದ 800 ಕಿಲೋಮೀಟರಿಗೆ ಬದಲಾಯಿಸಿ ಎಂಬುದು ವಾಡಿಕೆಯ ಸಲಹೆ. ಬೆಲೆ ಎಷ್ಟೇ ಇರಲಿ ಅವಕ್ಕೆ ಎರಡನೆಯ ಸೋಲ್ ಎಂಬುದಿಲ್ಲ. ಎರಡು ಪಟ್ಟು ಬೆಲೆಯ ಓಟದ ಶೂ ಎರಡು ಪಟ್ಟು ದೂರ ಬರದೇ ಹೋದರೆ, ಅದಕ್ಕೆ ಕೊಟ್ಟ ಹೆಚ್ಚಿನ ಹಣ ಹಗುರಕ್ಕೂ ಪುಟಿತಕ್ಕೂ ಕೊಟ್ಟದ್ದೇ ಹೊರತು ಬಾಳಿಕೆಗಲ್ಲ.

ಇನ್ನು ಕಾಲಿಗೆ ಸರಿಯಾಗಿ ಕೂರದ ಶೂ. ಹಿಮ್ಮಡಿ ಕಚ್ಚುತ್ತದೆ, ಹೋಗಹೋಗುತ್ತ ಸರಿಹೋದೀತು ಎಂದು ಕೊಂಡ 500ರ ಜೋಡಿಯನ್ನು ಏಳು ಸಲ ಹಾಕಿ ಕಪಾಟಿನಲ್ಲಿಟ್ಟರೆ ಒಂದು ಬಳಕೆಗೆ 71ಕ್ಕೂ ಹೆಚ್ಚು ಬಿತ್ತು. ನನ್ನ ಕಪಾಟಿನಲ್ಲಿ ಅಂಥದ್ದೊಂದು ಇದೆ. ಅದರ ವೆಲ್ಟ್ ಅಪ್ಪಟವಾದದ್ದು, ಚರ್ಮವೂ ಮೊದಲ ದರ್ಜೆಯದು, ನಾಲಗೆಯ ಒಳಗೆ ಬರೆದ ತಾರೀಖಿನ ಮಸಿ ಕೂಡ ಇನ್ನೂ ಮಾಸಿಲ್ಲ.